ಅಂಗಡಿ ಮುಚ್ಚಿದ ಮೇಲೂ ಓಡುವ ಮೀಟರು

ವಿದ್ಯುತ್ ಬಿಲ್ಲು ಏಕಾಏಕಿ ಏರಿದಾಗ ನಮ್ಮ ವರ್ತಕ ಬಂಧುಗಳು ಸಾಮಾನ್ಯವಾಗಿ ಮಾಡುವ ಪರೀಕ್ಷೆ ಒಂದೇ. ರಾತ್ರಿ ಅಂಗಡಿ ಮುಚ್ಚುವಾಗ ದೀಪ, ಫ್ಯಾನು, ಗಣಕಯಂತ್ರ ಎಲ್ಲವನ್ನೂ ಆರಿಸಿ ಮೀಟರ್ ಪೆಟ್ಟಿಗೆಯ ಮುಂದೆ ನಿಂತು ನೋಡುತ್ತಾರೆ. ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ಮೀಟರು ಕೆಟ್ಟಿದೆಯೆಂದು ತೀರ್ಮಾನಿಸಿ, ಮರುದಿನವೇ ಬೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಡುತ್ತಾರೆ. ಪರೀಕ್ಷೆಯ ನಂತರ ಮೀಟರು ಸರಿಯಾಗಿದೆಯೆಂದು ವರದಿ ಬಂದರೆ ಇಲಾಖೆಯವರು ಸುಳ್ಳು ಹೇಳುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಆದರೆ ಮೀಟರೂ ಸರಿಯಾಗಿದ್ದು, ವರ್ತಕರೂ ಆ ವಿದ್ಯುತ್ತನ್ನು ಬಳಸದೇ ಇರುವ ಸಂದರ್ಭಗಳುಂಟು. ಗೌರಿಬಿದನೂರಿನಂತಹ ಪಟ್ಟಣಗಳಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ರೀತಿಯ ಕಟ್ಟಡಗಳಲ್ಲಿ, ಇದು ಮೇಲಿಂದ ಮೇಲೆ ಎದುರಾಗುವ ಸಂಗತಿ. ಅಂತಹ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಇದರ ಕಾರಣವನ್ನೂ ಪತ್ತೆಯ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ನಮ್ಮ ಪಟ್ಟಣದ ಸಾಲುಮಳಿಗೆಯೊಂದರಲ್ಲಿ ಬಣ್ಣ ಮತ್ತು ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಮಾಲೀಕರ ಹೆಸರು ಇಲ್ಲಿ ಬೇಡ. ಅಂಗಡಿಗೆ ಒಂದು ಸಿಂಗಲ್ ಫೇಸ್ ಮೀಟರು, ಮೇಲ್ಮಹಡಿಯ ಬಾಡಿಗೆ ಮನೆಗೆ ಇನ್ನೊಂದು; ಎರಡೂ ಮೆಟ್ಟಿಲ ಕೆಳಗಿನ ಒಂದೇ ಹಲಗೆಯ ಮೇಲಿವೆ. ಅಂಗಡಿಯ ಬಳಕೆ ತಿಂಗಳಿಗೆ 110 ಯೂನಿಟ್ಟಿನ ಆಸುಪಾಸಿನಲ್ಲಿ ಇರುತ್ತಿತ್ತು. ಮೇಲಿನ ಮನೆಗೆ ಹೊಸ ಗೀಸರ್ ಬಂದು, ಸ್ವಲ್ಪ ವೈರಿಂಗ್ ಬದಲಾದ ಮೇಲೆ ಅದು 180ಕ್ಕೆ ಏರಿತು. ಅಂಗಡಿಯಲ್ಲಿ ಮಾತ್ರ ಹೊಸದಾಗಿ ಒಂದು ಬಲ್ಬೂ ಸೇರಿರಲಿಲ್ಲ. ಯೂನಿಟ್ಟಿಗೆ ₹8 ಎಂದು ಲೆಕ್ಕಕ್ಕೆ ಹಿಡಿದರೂ ತಿಂಗಳಿಗೆ ₹560ರಷ್ಟು ಹೆಚ್ಚುವರಿ ಹೊರೆ. “ಮೇನ್ ಆಫ್ ಮಾಡಿದರೂ ಓಡುತ್ತಲೇ ಇದೆ ಸಾರ್, ಇನ್ನು ಮೀಟರು ಸರಿಯಿದೆ ಅಂತ ಹೇಗೆ ನಂಬಲಿ?” ಎಂಬುದು ಅವರ ಪ್ರಶ್ನೆ. ಈ ಮಾತಿನಲ್ಲಿ ‘ಮೇನ್’ ಎಂಬ ಒಂದು ಶಬ್ದವೇ ಇಡೀ ಗೊಂದಲದ ಮೂಲವಾಗಿತ್ತು.

ಮಿನುಗುವ ದೀಪದ ಲೆಕ್ಕ

ತಪಾಸಣೆಗೆ ಮುನ್ನ ಆ ಕೆಂಪು ದೀಪದ ಭಾಷೆ ತಿಳಿದಿರಬೇಕು. ಹಿಂದಿನ ಕಾಲದ ಮೀಟರುಗಳಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ವೋಲ್ಟೇಜ್ ಹೆಚ್ಚಾದಾಗ ಅಥವಾ ಘರ್ಷಣೆಯನ್ನು ಸರಿದೂಗಿಸುವ ಹೊಂದಾಣಿಕೆ ಅತಿಯಾದಾಗ, ಏನೂ ಹೊರೆ ಇಲ್ಲದೆ ಆ ತಟ್ಟೆ ತೆವಳುವುದುಂಟು. ಅದನ್ನು ತಡೆಯಲೆಂದೇ ತಟ್ಟೆಯಲ್ಲಿ ರಂಧ್ರಗಳನ್ನು ಕೊರೆದಿರುತ್ತಿದ್ದರು. ತೆವಳಿದರೂ ತಟ್ಟೆ ಒಂದು ಸುತ್ತಿನೊಳಗೆ ನಿಂತುಬಿಡಬೇಕಿತ್ತು. “ಮೀಟರು ಸುಮ್ಮನೆ ಓಡುತ್ತದೆ” ಎಂಬ ಮಾತು ಆ ಕಾಲದ್ದು, ಆಗ ಅದರಲ್ಲಿ ಹುರುಳೂ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ನಿಯಮಾವಳಿಯ ಪ್ರಕಾರ ಗ್ರಾಹಕರ ಮೀಟರುಗಳು ಸ್ಟ್ಯಾಟಿಕ್, ಅಂದರೆ ಎಲೆಕ್ಟ್ರಾನಿಕ್ ಮಾದರಿಯವಾಗಿರಬೇಕು. ಇವುಗಳಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ತೆವಳುವಿಕೆಯ ದೂರಿಗೆ ಈಗ ಬಹುತೇಕ ಆಧಾರವಿಲ್ಲ.

ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ 3200 imp/kWh ಎಂಬಂತಹ ಬರಹವಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ 3200 ಸಲ ಮಿನುಗುತ್ತದೆ ಎಂದು ಇದರ ಅರ್ಥ. ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಗಡಿಯಾರ ನೋಡಿ ಎಣಿಸಿದರೆ, ಆ ಕ್ಷಣದಲ್ಲಿ ಮೀಟರು ದಾಖಲಿಸುತ್ತಿರುವ ವಾಟ್ ಎಷ್ಟೆಂಬುದು ತಿಳಿಯುತ್ತದೆ:

W = 3600000 ÷ (imp × s)

3200ರ ಮೀಟರಿನಲ್ಲಿ 15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವಾಟ್. 9 ಸೆಕೆಂಡಿಗೊಮ್ಮೆಯಾದರೆ 125 ವಾಟ್. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಾಕಬೇಕು. ಮೀಟರಿನ ನಿಖರತೆಯ ಬಗ್ಗೆ ಅನುಮಾನವಿರುವವರು 100 ವಾಟಿನ ಹಳೆಯ ತಂತಿಬಲ್ಬೊಂದನ್ನು ಮಾತ್ರ ಉರಿಸಿ ಹತ್ತು ಮಿನುಗುಗಳನ್ನು ಎಣಿಸಬಹುದು. ಸುಮಾರು 112 ಸೆಕೆಂಡು ಹಿಡಿಯಬೇಕು. ವೋಲ್ಟೇಜ್ ಏರಿಳಿತದಿಂದ ಹತ್ತು ಸೆಕೆಂಡು ಆಚೀಚೆ ಆದರೆ ಚಿಂತಿಸಬೇಕಿಲ್ಲ. ಅರವತ್ತೇ ಸೆಕೆಂಡಿಗೆ ಮುಗಿದರೆ ಏನೋ ದೋಷವಿದೆ. ಮೀಟರಿನಲ್ಲೋ ವೈರಿಂಗಿನಲ್ಲೋ ಎಂಬುದು ಮಾತ್ರ ಇದರಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಕೆಲವು ಮೀಟರುಗಳಲ್ಲಿ ಹೊರೆ ಇಲ್ಲದಾಗ ಈ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತದೆ. ಪರದೆಯ ಮೇಲಿನ ಅಂಕಿಗಳು ಸರದಿಯಂತೆ ಬದಲಾಗುತ್ತಲೂ ಇರುತ್ತವೆ. ಇವೆರಡನ್ನೂ ಕಂಡು ಮೀಟರು ಓಡುತ್ತಿದೆಯೆಂದು ಗಾಬರಿಯಾದವರನ್ನು ನೋಡಿದ್ದೇವೆ. ಲೆಕ್ಕಕ್ಕೆ ಬರುವುದು ಮಿನುಗು ಮಾತ್ರ.

‘ಆಫ್’ ಎಂದರೆ ಎಷ್ಟು ಆಫ್?

ಗೋಡೆಯ ಸ್ವಿಚ್ಚುಗಳನ್ನು ಆರಿಸಿದಾಗ ಎಲ್ಲವೂ ನಿಂತಿತೆಂಬುದು ಮೊದಲ ತಪ್ಪು ಎಣಿಕೆ. ಇನ್‌ವರ್ಟರ್, ಸಿ.ಸಿ. ಕ್ಯಾಮೆರಾದ ರೆಕಾರ್ಡರ್, ಸ್ಟೆಬಿಲೈಸರ್, ನಾಮಫಲಕದ ದೀಪದ ಟೈಮರ್ ಇವುಗಳು ಸಾಮಾನ್ಯವಾಗಿ ಸ್ವಿಚ್ಚಿನ ಹಂಗಿಲ್ಲದೆ ಸಂಪರ್ಕದಲ್ಲಿರುತ್ತವೆ. ಇವುಗಳಲ್ಲಿ ಇನ್‌ವರ್ಟರನ್ನು ವಿಶೇಷವಾಗಿ ಗಮನಿಸಬೇಕು. ವಯಸ್ಸಾದ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಇನ್‌ವರ್ಟರು ರಾತ್ರಿಯಿಡೀ ಅದಕ್ಕೆ ವಿದ್ಯುತ್ ಉಣಿಸುತ್ತಾ ನೀರನ್ನು ಆವಿ ಮಾಡುತ್ತಿರುತ್ತದೆ. ಬ್ಯಾಟರಿಗೆ ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿದ್ದರೆ ಮೀಟರನ್ನು ದೂರುವ ಮೊದಲು ಬ್ಯಾಟರಿಯನ್ನು ನೋಡುವುದು ಲೇಸು. ಮೇಲಿನ ಅಂಗಡಿಯಲ್ಲಿ ಇನ್‌ವರ್ಟರ್ ಇರಲಿಲ್ಲ. ರೆಕಾರ್ಡರಿನ ಪ್ಲಗ್ ಕಿತ್ತ ಮೇಲೂ ದೀಪ ಮಿನುಗುತ್ತಿತ್ತು.

ಎರಡನೆಯ ತಪ್ಪು ಎಣಿಕೆ ಇನ್ನೂ ಮುಖ್ಯವಾದದ್ದು. ಸಿಂಗಲ್ ಫೇಸ್ ಸಂಪರ್ಕದಲ್ಲಿ ಎರಡು ತಂತಿಗಳಿವೆ: ವಿದ್ಯುತ್ ಒಳಬರುವ ಫೇಸ್, ಮರಳಿ ಹೋಗುವ ನ್ಯೂಟ್ರಲ್. ಗೋಡೆಯ ಸ್ವಿಚ್ಚು ಫೇಸನ್ನು ಮಾತ್ರ ಕಡಿಯುತ್ತದೆ. ಒಂದು ಕಡ್ಡಿಯ ಸಿಂಗಲ್ ಪೋಲ್ ಎಂ.ಸಿ.ಬಿ. ಕೂಡ ಅಷ್ಟೇ. ಎರಡನ್ನೂ ಒಟ್ಟಿಗೆ ಕಡಿಯುವುದು ಡಬಲ್ ಪೋಲ್ ಮೇನ್ ಸ್ವಿಚ್ ಮಾತ್ರ. ನಮ್ಮ ಅಂಗಡಿಯವರು ‘ಮೇನ್’ ಎಂದು ಕರೆಯುತ್ತಿದ್ದುದು ಒಂದು ಸಿಂಗಲ್ ಪೋಲ್ ಎಂ.ಸಿ.ಬಿ.ಯನ್ನು. ಹಳೆಯ ಪಿಂಗಾಣಿ ಫ್ಯೂಸ್ ಸುಟ್ಟುಹೋದಾಗ ಯಾರೋ ಕಡಿಮೆ ಖರ್ಚಿನಲ್ಲಿ ಅದನ್ನು ಕೂರಿಸಿದ್ದರು. ಅದನ್ನು ಇಳಿಸಿದಾಗ ಫೇಸ್ ನಿಲ್ಲುತ್ತಿತ್ತು, ನ್ಯೂಟ್ರಲ್ ಮಾತ್ರ ಹಾಗೆಯೇ ಒಳಗಿನ ವೈರಿಂಗಿಗೆ ಕೂಡಿಕೊಂಡಿರುತ್ತಿತ್ತು.

ಫೇಸ್ ಇಲ್ಲದ ಮೇಲೆ ನ್ಯೂಟ್ರಲ್ ಕೂಡಿದ್ದರೇನು, ಬಿಟ್ಟರೇನು ಎಂದು ಕೇಳಬಹುದು. ತಟ್ಟೆಯ ಮೀಟರಿನ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಸಾಮಾನ್ಯವಾಗಿ ಅದು ಫೇಸ್ ತಂತಿಯ ವಿದ್ಯುತ್ತನ್ನು ಮಾತ್ರ ಅಳೆಯುತ್ತಿತ್ತು. ಆಗ ಕೆಲವರು ಸಂಪರ್ಕವನ್ನು ಅದಲು ಬದಲು ಮಾಡಿ, ನ್ಯೂಟ್ರಲ್ ಬದಲು ನೆಲದಲ್ಲಿ ಹೂತ ಕಂಬಿಯ ಮೂಲಕ ವಿದ್ಯುತ್ತನ್ನು ಮರಳಿಸಿ ಮೀಟರಿನ ಕಣ್ಣು ತಪ್ಪಿಸುತ್ತಿದ್ದರು. ಈ ಕಳ್ಳತನವನ್ನು ತಡೆಯಲು ಈಗಿನ ಸಿಂಗಲ್ ಫೇಸ್ ಮೀಟರುಗಳನ್ನು ಎರಡೂ ತಂತಿಗಳ ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯುವಂತೆ ರೂಪಿಸಲಾಗಿದೆ. ಎರಡೂ ಸಮನಾಗಿದ್ದರೆ ಗೊಡವೆಯಿಲ್ಲ. ಗಣನೀಯ ವ್ಯತ್ಯಾಸ ಕಂಡರೆ ಯಾವುದು ಹೆಚ್ಚೋ ಅದನ್ನೇ ಮೀಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ‘ಅರ್ಥ್’ ಎಂದು ಸೂಚಿಸುವ ಇನ್ನೊಂದು ಪುಟ್ಟ ದೀಪವೂ ಹೊತ್ತಿಕೊಳ್ಳುತ್ತದೆ. ಕಳ್ಳನಿಗೆಂದು ಒಡ್ಡಿದ ಈ ಬಲೆಯಲ್ಲಿ, ವೈರಿಂಗ್ ದೋಷವಿರುವ ಪ್ರಾಮಾಣಿಕ ಗ್ರಾಹಕನೂ ಸಿಕ್ಕಿಬೀಳುತ್ತಾನೆ. ಅಂಗಡಿಯ ನ್ಯೂಟ್ರಲ್ ತಂತಿಯಲ್ಲಿ ಬೇರೆ ಯಾರದೋ ವಿದ್ಯುತ್ ಹರಿದರೆ ಮೀಟರು ಅದನ್ನು ಅಂಗಡಿಯದೆಂದೇ ಬರೆದುಕೊಳ್ಳುತ್ತದೆ.

ಪತ್ತೆಯಾದ ಬಗೆ

ಆ ರಾತ್ರಿ ಒಂಬತ್ತೂವರೆಗೆ ಅಂಗಡಿಯ ಎಂ.ಸಿ.ಬಿ. ಇಳಿಸಿ ಮಿನುಗುಗಳನ್ನು ಎಣಿಸಲಾಯಿತು. ಹೆಚ್ಚುಕಡಿಮೆ 9 ಸೆಕೆಂಡಿಗೊಮ್ಮೆ, ಅಂದರೆ 125 ವಾಟ್. ಆದರೆ ಅದು ಒಂದೇ ಸಮನಾಗಿರಲಿಲ್ಲ. ಸ್ವಲ್ಪ ಹೊತ್ತು ಚುರುಕಾಗಿ, ಮತ್ತೆ ಸ್ವಲ್ಪ ಹೊತ್ತು ನಿಧಾನವಾಗಿ ಸಾಗುತ್ತಿತ್ತು. ಇದು ಮೊದಲ ಸುಳಿವು. ಹಾಳಾದ ತಂತಿಯಿಂದ ನೆಲಕ್ಕೆ ಸೋರುವ ವಿದ್ಯುತ್ ಹೀಗೆ ನಿಮಿಷ ನಿಮಿಷಕ್ಕೆ ಗತಿ ಬದಲಿಸುವುದು ಅಪರೂಪ. ಯಾರೋ ಏನನ್ನೋ ಹಚ್ಚುತ್ತಾ ಆರಿಸುತ್ತಾ ಇದ್ದರೆ ಮಾತ್ರ ಹೀಗಾಗುತ್ತದೆ.

ನಂತರ ಟಾಂಗ್ ಟೆಸ್ಟರನ್ನು ಮೀಟರಿನಿಂದ ಅಂಗಡಿಗೆ ಹೋಗುವ ತಂತಿಗಳಿಗೆ ಒಂದೊಂದಾಗಿ ತೊಡಿಸಲಾಯಿತು. ತಂತಿಯನ್ನು ಕತ್ತರಿಸದೆ, ಅದರ ಸುತ್ತ ಬಾಯಿ ಮುಚ್ಚಿ ವಿದ್ಯುತ್ತನ್ನು ಅಳೆಯುವ ಸಾಧನವಿದು. ಫೇಸ್ ತಂತಿಯಲ್ಲಿ ಸೊನ್ನೆ. ನ್ಯೂಟ್ರಲ್ ತಂತಿಯಲ್ಲಿ 0.54 ಆಂಪಿಯರ್. ಇದನ್ನು 230 ವೋಲ್ಟಿನಿಂದ ಗುಣಿಸಿದರೆ ಸುಮಾರು 124 ವಾಟ್ ಆಗುತ್ತದೆ, ಮಿನುಗಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅಲ್ಲಿಗೆ ಮೀಟರು ನಿರ್ದೋಷಿಯೆಂದು ಸಾಬೀತಾಯಿತು. ತನ್ನ ಮೂಲಕ ಹರಿಯುತ್ತಿದ್ದುದನ್ನೇ ಅದು ಬರೆಯುತ್ತಿತ್ತು.

ಆ ವಿದ್ಯುತ್ ಯಾರದೆಂದು ಕಂಡುಹಿಡಿಯಲು ಮೇಲಿನ ಮನೆಯವರನ್ನು ಕೇಳಿಕೊಂಡು ಐದು ನಿಮಿಷ ಗೀಸರ್ ಹಾಕಿಸಲಾಯಿತು. ಅದು 2000 ವಾಟಿನದು. ಹಾಕಿದೊಡನೆ ಕೆಳಗಿನ ಅಂಗಡಿಯ ನ್ಯೂಟ್ರಲ್ ತಂತಿಯಲ್ಲಿ ವಿದ್ಯುತ್ 4.9 ಆಂಪಿಯರಿಗೆ ಜಿಗಿಯಿತು. ದೀಪ ಸೆಕೆಂಡಿಗೊಂದರಂತೆ ಮಿನುಗತೊಡಗಿತು. ಮೇಲಿನ ಮನೆಯ ಮೇನ್ ಆರಿಸಿದಾಗ ಎರಡೂ ಸೊನ್ನೆಗೆ ಇಳಿದವು. ಗೀಸರ್ ಹಾಗೂ ಮನೆಯ ಉಳಿದ ಬಳಕೆ ಸೇರಿ ಸುಮಾರು 2250 ವಾಟ್. ಅದರ ಅರ್ಧದಷ್ಟು ಅಂಗಡಿಯ ನ್ಯೂಟ್ರಲ್ ಮೂಲಕ ಮರಳುತ್ತಿತ್ತು. ಎರಡೂ ನ್ಯೂಟ್ರಲ್‌ಗಳು ಎಲ್ಲೋ ಒಂದು ಕಡೆ ಕೂಡಿಕೊಂಡಿದ್ದರೆ ಮರಳುವ ವಿದ್ಯುತ್ತಿಗೆ ಕಂಬದವರೆಗೆ ಎರಡು ದಾರಿಗಳು ಸಿಗುತ್ತವೆ. ತಂತಿಗಳ ಉದ್ದ ಮತ್ತು ದಪ್ಪ ಒಂದೇ ಆಗಿದ್ದರೆ ಅದು ಸಮನಾಗಿ ಹಂಚಿಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಮನೆಯ ಮೀಟರಿಗೆ ಇದರಿಂದ ಏನೂ ಕಡಿಮೆಯಾಗಲಿಲ್ಲ. ಅದರ ಫೇಸ್ ತಂತಿಯಲ್ಲಿ ಪೂರ್ತಿ 2250 ವಾಟಿನ ವಿದ್ಯುತ್ ಹರಿಯುತ್ತಿದ್ದುದರಿಂದ ಅದು ಅಷ್ಟನ್ನೂ ಬರೆಯಿತು; ಕೆಳಗಿನ ಮೀಟರು ಅರ್ಧವನ್ನು ಮತ್ತೊಮ್ಮೆ ಬರೆಯಿತು. ಒಂದೇ ವಿದ್ಯುತ್ತಿಗೆ ಒಂದೂವರೆ ಪಾಲು ಲೆಕ್ಕ. ಹಗಲಿನಲ್ಲಿ ಅಂಗಡಿಯ ಬಳಕೆ ಮನೆಯದಕ್ಕಿಂತ ಹೆಚ್ಚಾದಾಗ ಇದೇ ಆಟ ತಿರುಗಿ, ಮನೆಯ ಮೀಟರಿಗೆ ಸ್ವಲ್ಪ ಹೆಚ್ಚು ಬೀಳುತ್ತಿತ್ತು. ಆದರೆ 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಆ ಮನೆಗೆ ಶೂನ್ಯ ಬಿಲ್ಲು ಬರುತ್ತಿದ್ದುದರಿಂದ ಅಲ್ಲಿ ಯಾರೂ ಅಂಕಿಗಳತ್ತ ಕಣ್ಣು ಹಾಯಿಸಿರಲಿಲ್ಲ. ವಾಣಿಜ್ಯ ದರದ ಮೀಟರಿನವರಿಗೆ ಮಾತ್ರ ಬಿಸಿ ತಟ್ಟಿತು.

ಕೂಡಿಕೊಂಡ ಜಾಗ ಮೆಟ್ಟಿಲಿನ ದೀಪದ ಸ್ವಿಚ್ ಪೆಟ್ಟಿಗೆ. ಮೆಟ್ಟಿಲಿನ ದೀಪ ಮೊದಲು ಅಂಗಡಿಯ ಸಂಪರ್ಕದಲ್ಲಿತ್ತು. ಗೀಸರಿನ ಕೆಲಸ ಮಾಡಿದವರು ಅದನ್ನು ಮನೆಯ ಫೇಸಿಗೆ ಬದಲಿಸಿದರು. ನ್ಯೂಟ್ರಲ್ ಎಲ್ಲಿಂದ ಬಂದರೇನು ಎಂದು ಅಲ್ಲಿದ್ದ ಎರಡು ಕಪ್ಪು ತಂತಿಗಳನ್ನೂ ಒಟ್ಟಿಗೆ ತಿರುಚಿ ಟೇಪು ಸುತ್ತಿದರು. ದೀಪ ಹತ್ತಿತು, ಕೂಲಿ ಪಡೆದು ಹೋದರು.

ಇಂತಹ ಕೂಡಿಕೆಯನ್ನು ಹುಡುಕುವಾಗ ಅನುಭವವಿಲ್ಲದ ಕೆಲಸಗಾರರು ಒಂದು ತಪ್ಪು ಮಾಡುತ್ತಾರೆ. ಫೇಸ್ ತೆಗೆದು, ಮಲ್ಟಿಮೀಟರಿನಿಂದ ಎರಡೂ ನ್ಯೂಟ್ರಲ್‌ಗಳ ನಡುವೆ ಸಂಪರ್ಕವಿದೆಯೇ ಎಂದು ನೋಡುತ್ತಾರೆ. ಇದೆ ಎಂದು ಬರುತ್ತದೆ. ಬರಲೇಬೇಕು, ಏಕೆಂದರೆ ಎರಡೂ ಕಂಬದಲ್ಲಿ ಒಂದೇ ನ್ಯೂಟ್ರಲ್‌ಗೆ ಸೇರಿರುತ್ತವೆ. ಎರಡೂ ಮೀಟರುಗಳ ನಂತರ, ಮೇನ್ ಸ್ವಿಚ್ಚಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಡಿಸಿದ ಮೇಲೆಯೇ ಈ ಪರೀಕ್ಷೆಗೆ ಅರ್ಥವಿರುತ್ತದೆ. ಆಗಲೂ ಎರಡರ ನಡುವೆ ಸಂಪರ್ಕ ಕಂಡರೆ ಕಟ್ಟಡದೊಳಗೆ ಎಲ್ಲೋ ಗಂಟು ಬಿದ್ದಿದೆ. ಜಂಕ್ಷನ್ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಅದು ಸಿಗುತ್ತದೆ. ಮೆಟ್ಟಿಲು, ನೀರಿನ ಪಂಪು, ಹೊರಗಿನ ನಾಮಫಲಕ ಮುಂತಾಗಿ ಇಬ್ಬರ ನಡುವೆ ಹಂಚಿಕೊಂಡ ಜಾಗಗಳಿಂದ ಆರಂಭಿಸುವುದು ಜಾಣತನ.

ಮೇಲಿನ ಮನೆ ಆರಿಸಿದರೂ ನಿಲ್ಲದಿದ್ದರೆ

ಅಕ್ಕಪಕ್ಕದ, ಮೇಲ್ಮಹಡಿಯ ಎಲ್ಲ ಸಂಪರ್ಕಗಳನ್ನು ಆರಿಸಿದರೂ ನಿಮ್ಮ ನ್ಯೂಟ್ರಲ್ ತಂತಿಯಲ್ಲಿ ವಿದ್ಯುತ್ ಉಳಿದರೆ, ನಿಮ್ಮ ನ್ಯೂಟ್ರಲ್ ಎಲ್ಲೋ ನೆಲವನ್ನು ಅಥವಾ ಅರ್ಥಿಂಗ್ ತಂತಿಯನ್ನು ಮುಟ್ಟಿದೆಯೆಂದು ಶಂಕಿಸಬೇಕು. ಬೀದಿಯ ನ್ಯೂಟ್ರಲ್ ತಂತಿ ಸೊನ್ನೆ ವೋಲ್ಟಿನಲ್ಲಿರುವುದೆಂಬುದು ಪುಸ್ತಕದ ಮಾತು. ಮೂರು ಫೇಸುಗಳ ಹೊರೆ ಸಮನಾಗಿಲ್ಲದ ನಮ್ಮ ಬೀದಿಗಳಲ್ಲಿ ಅದರ ಮೇಲೆ ಮೂರು ನಾಲ್ಕು ವೋಲ್ಟು ಇರುವುದು ವಿಶೇಷವಲ್ಲ. 3 ವೋಲ್ಟು, ನೆಲದ ದಾರಿಯ ರೋಧ 10 ಓಮ್ ಎಂದುಕೊಂಡರೆ ನಿಮ್ಮ ನ್ಯೂಟ್ರಲ್ ಮೂಲಕ ನೆಲಕ್ಕೆ 0.3 ಆಂಪಿಯರ್ ಹರಿಯುತ್ತದೆ. ಇದರಲ್ಲಿ ನಿಜವಾಗಿ ವ್ಯಯವಾಗುವುದು ಒಂದು ವಾಟೂ ಅಲ್ಲ. ಆದರೆ ಮೀಟರು ಆ 0.3 ಆಂಪಿಯರನ್ನು ಫೇಸಿನ 230 ವೋಲ್ಟಿನೊಂದಿಗೆ ಗುಣಿಸುವುದರಿಂದ ಹೆಚ್ಚೆಂದರೆ 69 ವಾಟಿನವರೆಗೆ ಬರೆದುಕೊಳ್ಳಬಲ್ಲದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಹೀಗೆ ನಡೆದರೆ ತಿಂಗಳಿಗೆ ಸುಮಾರು 50 ಯೂನಿಟ್.

ಈ ದೋಷಕ್ಕೆ ಅದರದೇ ಲಕ್ಷಣವಿದೆ. ಬೀದಿಯ ಹೊರೆ ಹೆಚ್ಚುವ ಸಂಜೆಯ ವೇಳೆ ಮಿನುಗು ಚುರುಕಾಗುತ್ತದೆ, ನಡುರಾತ್ರಿ ನಿಧಾನವಾಗುತ್ತದೆ. ನಮ್ಮದು ಕಲ್ಲು ಮಿಶ್ರಿತ ಒಣ ನೆಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ರೋಧ ಹೆಚ್ಚಿದಾಗ ಈ ಹರಿವು ಕುಗ್ಗುತ್ತದೆ, ಮಳೆ ಬಿದ್ದ ಮೇಲೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಫ್ಯಾನು ತಿರುಗಿಯೂ ಕಡಿಮೆ ಬಂದ ಬಿಲ್ಲು ಮಳೆಗಾಲದಲ್ಲಿ ಹೆಚ್ಚಾಯಿತೆಂದು ಬೆರಗಾಗುವವರು ಇದನ್ನು ನೆನೆಯಬೇಕು. ಒಳಗೆ ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ಥ್ ಮತ್ತು ನ್ಯೂಟ್ರಲ್ ತಿರುಪುಗಳ ನಡುವೆ ಯಾರಾದರೂ ತುಂಡು ತಂತಿ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ಅರ್ಥಿಂಗ್ ಇಲ್ಲದ ಕಡೆ ಹೀಗೆ ‘ಸುಲಭ ಅರ್ಥಿಂಗ್’ ಮಾಡುವ ದುರಭ್ಯಾಸ ಇನ್ನೂ ಹೋಗಿಲ್ಲ. ನ್ಯೂಟ್ರಲ್ ಕಡಿದುಹೋದ ದಿನ ಯಂತ್ರದ ಲೋಹದ ಮೈಗೆಲ್ಲ 230 ವೋಲ್ಟು ಏರುವುದಕ್ಕೆ ಇದೇ ದಾರಿ.

ನಿಜವಾದ ಸೋರಿಕೆ

ಮೇಲಿನ ಎರಡರಲ್ಲಿಯೂ ನಷ್ಟ ಹಣದ್ದು. ಫೇಸ್ ತಂತಿಯಿಂದಲೇ ನೆಲಕ್ಕೆ ಸೋರುತ್ತಿದ್ದರೆ ಹಣದ ಜೊತೆಗೆ ಪ್ರಾಣದ ಪ್ರಶ್ನೆಯೂ ಬರುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಬಿಸಿನೀರಿನ ಬೇಸಿನ್ನುಗಳು, ಸದಾ ಹಬೆ, ಒದ್ದೆ ನೆಲ, ಒದ್ದೆ ಕೈ. ತಂತಿಯ ಹೊದಿಕೆ ಹಾಳಾಗಲು ಮತ್ತು ಹಾಳಾದದ್ದು ಮನುಷ್ಯನನ್ನು ತಲುಪಲು ಇದಕ್ಕಿಂತ ಅನುಕೂಲವಾದ ಜಾಗವಿಲ್ಲ. 0.3 ಆಂಪಿಯರ್ ಸೋರಿಕೆ ಬಿಲ್ಲಿನಲ್ಲಿ ತಿಂಗಳಿಗೆ 50 ಯೂನಿಟ್ ಮಾತ್ರ. ಆದರೆ ಮನುಷ್ಯನನ್ನು ಕಾಪಾಡಲು ಅಳವಡಿಸುವ ಆರ್.ಸಿ.ಸಿ.ಬಿ. 0.03 ಆಂಪಿಯರಿಗೇ ಸಂಪರ್ಕ ಕಡಿಯುವಂತೆ ಮಾಡಿರುತ್ತಾರೆ. ಸೋರಿಕೆ ಅದರ ಹತ್ತು ಪಟ್ಟು.

ತ್ರೀ ಫೇಸ್ ಮೀಟರುಗಳಲ್ಲಿ ಸಾಮಾನ್ಯವಾಗಿ ಮೂರು ಫೇಸುಗಳ ವಿದ್ಯುತ್ತೇ ಲೆಕ್ಕಕ್ಕೆ ಬರುವುದರಿಂದ, ಮೇಲೆ ಹೇಳಿದ ನ್ಯೂಟ್ರಲ್‌ನ ತಕರಾರು ಅಲ್ಲಿ ಕಡಿಮೆ. ಯಂತ್ರಗಳೆಲ್ಲ ನಿಂತಾಗಲೂ ದೀಪ ಮಿನುಗಿದರೆ ಫೇಸಿನಿಂದ ನಿಜವಾಗಿಯೂ ಏನೋ ಹೋಗುತ್ತಿದೆ ಎಂದೇ ತಿಳಿಯಬೇಕು. ಆಗ ಹುಡುಕಾಟದ ಕ್ಷೇತ್ರವೂ ಕಿರಿದಾಗುತ್ತದೆ. ಸ್ಟಾರ್ಟರ್ ಆಫ್ ಆಗಿದ್ದರೆ ಅದು ಮೂರೂ ಫೇಸುಗಳನ್ನು ಕಡಿದಿರುತ್ತದೆ, ಆದ್ದರಿಂದ ಮೋಟಾರು ಸುಟ್ಟಿದ್ದರೂ ಆ ಹೊತ್ತಿನಲ್ಲಿ ಸೋರಲಾರದು. ದೋಷ ಮೇನ್ ಸ್ವಿಚ್ಚಿನಿಂದ ಸ್ಟಾರ್ಟರಿನವರೆಗಿನ ಕೇಬಲ್ಲಿನಲ್ಲೋ, ಪ್ಯಾನೆಲ್ಲಿನಲ್ಲೋ, ದೀಪದ ವೈರಿಂಗಿನಲ್ಲೋ ಇರಬೇಕು. ಇದೇ ಕಾರಣಕ್ಕೆ, ಎಲ್ಲವನ್ನೂ ಆರಿಸಿ ಮಾಡುವ ಪರೀಕ್ಷೆಯಲ್ಲಿ ಮೋಟಾರಿನ ದೋಷ ಕಾಣುವುದಿಲ್ಲ. ಅದನ್ನು ನೋಡಲು ಯಂತ್ರ ಓಡುವಾಗ ಮೂರು ಫೇಸ್, ಹಾಗೂ ನ್ಯೂಟ್ರಲ್ ಇದ್ದರೆ ಅದನ್ನೂ, ಒಟ್ಟಿಗೆ ಟಾಂಗ್ ಟೆಸ್ಟರಿನ ಬಾಯೊಳಗೆ ಹಿಡಿಯಬೇಕು. ಹೋದದ್ದೆಲ್ಲ ಮರಳಿದ್ದರೆ ಮೊತ್ತ ಸೊನ್ನೆಯಾಗುತ್ತದೆ, ಉಳಿದ ಅಂಕಿಯೇ ಸೋರಿಕೆ. ಇದಕ್ಕೆ ಮಿಲಿ ಆಂಪಿಯರ್ ತೋರಿಸುವ ಲೀಕೇಜ್ ಟಾಂಗ್ ಟೆಸ್ಟರ್ ಬೇಕು. ಸಾಧಾರಣದ್ದರಲ್ಲಿ ಸಣ್ಣ ಸೋರಿಕೆ ಕಾಣದು.

ಇಲ್ಲಿ ಒಂದು ಎಚ್ಚರಿಕೆ. ಪವರ್ ಫ್ಯಾಕ್ಟರ್ ಸರಿಪಡಿಸಲು ಹಾಕಿದ ಕೆಪಾಸಿಟರ್ ಯಂತ್ರ ನಿಂತ ಮೇಲೂ ಸಂಪರ್ಕದಲ್ಲಿದ್ದರೆ ಟಾಂಗ್ ಟೆಸ್ಟರ್ ದೊಡ್ಡ ಅಂಕಿ ತೋರಿಸುತ್ತದೆ. 5 ಕೆ.ವಿ.ಎ.ಆರ್. ಕೆಪಾಸಿಟರಿನಲ್ಲಿ ಪ್ರತಿ ಫೇಸಿಗೆ 7 ಆಂಪಿಯರ್ ಹರಿಯುತ್ತದೆ. ಅದನ್ನು ಕಂಡು ಭಾರಿ ಸೋರಿಕೆಯೆಂದು ಗಾಬರಿಯಾಗಬಾರದು. ಆ ವಿದ್ಯುತ್ತಿನಲ್ಲಿ ಯೂನಿಟ್ ರೂಪದಲ್ಲಿ ಖರ್ಚಾಗುವ ಪಾಲು ಅತ್ಯಲ್ಪ. ಮಿನುಗಿನ ಲೆಕ್ಕ ಹಾಕಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಸೋರುವ ಶಾಖೆಯನ್ನು ಗುರುತಿಸುವ ಕ್ರಮ ಸರಳ. ಎಲ್ಲ ಎಂ.ಸಿ.ಬಿ.ಗಳನ್ನು ಇಳಿಸಿ, ಮಿನುಗು ನಿಂತಿತೆಂದು ಖಚಿತಪಡಿಸಿಕೊಂಡು, ಒಂದೊಂದನ್ನೇ ಏರಿಸುತ್ತಾ ಪ್ರತಿ ಸಲ ಎರಡು ಮೂರು ನಿಮಿಷ ಕಾಯಬೇಕು. ಯಾವುದನ್ನು ಏರಿಸಿದಾಗ ಮಿನುಗು ಮತ್ತೆ ಆರಂಭವಾಗುವುದೋ ದೋಷ ಆ ಶಾಖೆಯಲ್ಲಿದೆ. ಅವಸರಿಸಬಾರದು, 20 ವಾಟಿನ ಸೋರಿಕೆಯಾದರೆ ಎರಡು ಮಿನುಗುಗಳ ನಡುವೆ ಸುಮಾರು ಒಂದು ನಿಮಿಷವೇ ಹಿಡಿಯುತ್ತದೆ. ಇಷ್ಟನ್ನು ಮಾಲೀಕರೇ ಮಾಡಬಹುದು. ಮುಂದಿನದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಕೆಲಸ. ಅವರು ಆ ಶಾಖೆಯನ್ನು ಪೂರ್ತಿ ಬಿಡಿಸಿ, ಅದಕ್ಕೆ ಸೇರಿದ ಗಣಕಯಂತ್ರ, ಎಲ್.ಇ.ಡಿ. ದೀಪ ಮುಂತಾದ ಎಲೆಕ್ಟ್ರಾನಿಕ್ ಸಾಮಾನುಗಳನ್ನು ತೆಗೆದು, 500 ವೋಲ್ಟಿನ ಮೆಗ್ಗರ್ ಹಾಕಿ ತಂತಿಗೂ ನೆಲಕ್ಕೂ ನಡುವಿನ ರೋಧ ನೋಡುತ್ತಾರೆ. ಕನಿಷ್ಠ 1 ಮೆಗಾ ಓಮ್ ಇರಬೇಕು. ಸಾಮಾನುಗಳನ್ನು ಬಿಡಿಸದೆ ಮೆಗ್ಗರ್ ಹಾಕಿದರೆ ಅವು ಸುಟ್ಟುಹೋಗುವ ಸಂಭವವುಂಟು. ಇನ್ನು ಫೇಸಿಗೂ ನೆಲಕ್ಕೂ ಬಲ್ಬು ಹಿಡಿದು ಅರ್ಥಿಂಗ್ ನೋಡುವ ಹಳೆಯ ಪದ್ಧತಿಯನ್ನು ಒದ್ದೆ ನೆಲದ ಘಟಕಗಳಲ್ಲಿ ಖಂಡಿತ ಮಾಡಕೂಡದು.

ಡಬಲ್ ಪೋಲ್ ಅಥವಾ ಫೋರ್ ಪೋಲ್ ಮೇನ್ ಸ್ವಿಚ್ಚನ್ನು ನಿಜವಾಗಿಯೂ ಆರಿಸಿ, ಅದರ ನಂತರದ ತಂತಿಗಳಲ್ಲಿ ಏನೂ ಇಲ್ಲವೆಂದು ನೋಡಿದ ಮೇಲೂ ಮೀಟರು ಮಿನುಗಿದರೆ ಮಾತ್ರ ಮೀಟರಿನ ಮೇಲೆ, ಅಥವಾ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವಿನ ತಂತಿಯ ಮೇಲೆ ಅನುಮಾನ ಪಡಲು ಆಧಾರವಿದೆ. ಅಂತಹ ಸಂದರ್ಭದಲ್ಲಿ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ನಿಗದಿತ ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಕೇಳಬೇಕು. ಅರ್ಜಿಯಲ್ಲಿ “ಮೀಟರು ಜೋರಾಗಿ ಓಡುತ್ತಿದೆ” ಎಂದಷ್ಟೇ ಬರೆಯದೆ, ಯಾವ ದಿನ ಎಷ್ಟು ಗಂಟೆಗೆ ಯಾವ ಸ್ವಿಚ್ ಆರಿಸಿದ್ದಾಗ ಎಷ್ಟು ಸೆಕೆಂಡಿಗೊಮ್ಮೆ ಮಿನುಗಿತೆಂದು ಬರೆದರೆ ಪರೀಕ್ಷೆಗೆ ಬರುವವರಿಗೂ ದಾರಿ ಸುಲಭವಾಗುತ್ತದೆ. ಮೀಟರಿನ ಸೀಲನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಮೀಟರಿನೊಂದಿಗೆ ಕೈಚಳಕ ಮಾಡುವುದನ್ನು ವಿದ್ಯುತ್ ಕಳವು ಎಂದು ಪರಿಗಣಿಸಲಾಗುತ್ತದೆ. ಮೀಟರು ಸರಿಯಾಗಿದ್ದು ದೋಷ ಗ್ರಾಹಕರ ವೈರಿಂಗಿನಲ್ಲೇ ಇದ್ದಾಗ ಕಟ್ಟಿದ ಹಣ ಹಿಂದಿರುಗುವುದನ್ನು ನಿರೀಕ್ಷಿಸಲಾಗದು. ಬಣ್ಣದ ಅಂಗಡಿಯವರು ಹೀಗೆ ಹದಿನಾಲ್ಕು ತಿಂಗಳು ಕಟ್ಟಿದ್ದು, ಮೇಲಿನ ದರದಲ್ಲಿಯೇ ಲೆಕ್ಕ ಹಾಕಿದರೆ, ₹7,800ಕ್ಕೂ ಮೇಲೆ.

ಅವರ ಅಂಗಡಿಯಲ್ಲಿ ಕೆಲಸ ಮುಗಿಯಲು ಒಂದು ಬೆಳಗಿನ ಹೊತ್ತು ಸಾಕಾಯಿತು. ಮೆಟ್ಟಿಲ ಪೆಟ್ಟಿಗೆಯ ಗಂಟು ಬಿಚ್ಚಿ, ದೀಪಕ್ಕೆ ಮನೆಯ ಫೇಸಿನ ಜೊತೆ ಮನೆಯ ನ್ಯೂಟ್ರಲನ್ನೇ ಕೊಟ್ಟು, ಅಂಗಡಿಯ ತಂತಿಯ ತುದಿಯನ್ನು ಪ್ರತ್ಯೇಕವಾಗಿ ಮುಚ್ಚಲಾಯಿತು. ಸಿಂಗಲ್ ಪೋಲ್ ಎಂ.ಸಿ.ಬಿ.ಯ ಜಾಗಕ್ಕೆ ಡಬಲ್ ಪೋಲ್ ಐಸೊಲೇಟರ್ ಮತ್ತು ಆರ್.ಸಿ.ಸಿ.ಬಿ. ಬಂದವು. ಆಗ ಮೇಲಿನ ಮನೆಯವರು ಒಂದು ಮಾತು ಹೇಳಿದರು: ಗೀಸರ್ ಹಾಕಿದಾಗ ಅವರಿಗೂ ಒಂದು ಆರ್.ಸಿ.ಸಿ.ಬಿ. ಕೂರಿಸಲಾಗಿತ್ತಂತೆ. ಗೀಸರ್ ಹಚ್ಚಿದಾಗಲೆಲ್ಲ ಅದು ಬೀಳುತ್ತಿತ್ತು, ಕಿರಿಕಿರಿಯೆಂದು ಕೆಲಸಗಾರರೇ ಅದನ್ನು ಬಿಡಿಸಿ ನೇರ ಸಂಪರ್ಕ ಕೊಟ್ಟು ಹೋಗಿದ್ದರು. ಹೋದ ವಿದ್ಯುತ್ತಿನ ಅರ್ಧ ಬೇರೆ ದಾರಿಯಲ್ಲಿ ಮರಳುತ್ತಿದ್ದಾಗ ಅದು ಬೀಳಲೇಬೇಕಿತ್ತು. ಹದಿನಾಲ್ಕು ತಿಂಗಳ ಹಿಂದೆ, ಮೊದಲ ದಿನವೇ, ಅದು ದೋಷವನ್ನು ತೋರಿಸಿಕೊಟ್ಟಿತ್ತು. ಬಿಡಿಸಿದ ಆ ಸಾಧನ ಅಟ್ಟದ ಮೇಲಿನ ಡಬ್ಬದಲ್ಲಿ ಹಾಗೆಯೇ ಸಿಕ್ಕಿತು. ಪರೀಕ್ಷಾ ಗುಂಡಿ ಒತ್ತಿ ಸರಿಯಿದೆಯೆಂದು ನೋಡಿ ಮತ್ತೆ ಕೂರಿಸಲಾಗಿದೆ. ಗೀಸರ್ ದಿನವೂ ಉರಿಯುತ್ತಿದೆ, ಅದು ಮತ್ತೆ ಬಿದ್ದಿಲ್ಲ.